‘ಏನು ಮಾಡ್ಲಿ ಹೇಳಿ ಅತ್ತೆ’ ಅನ್ನುವ ಸೊಸೆಗೆ ಏನು ಹೇಳುವುದು?

ಪ್ರಶ್ನೆ: ನನಗೆ 62 ವರ್ಷ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಸೊಸೆ ಕೆಟ್ಟವಳಲ್ಲ. ಮನೆಯಲ್ಲಿದ್ದಾಗ ‘ಏನು ಮಾಡ್ಲಿ ಹೇಳಿ ಅತ್ತೆ’ ಅಂತ ಬಂದು ನಿಲ್ಲುತ್ತಾಳೆ. ಆದರೆ ಹೇಳುವುದೇ ನನಗೆ ಇನ್ನೊಂದು ಕೆಲಸವಾಗಿದೆ. ಹೇಳಿದರೆ ಅತ್ತೆ ಜೋರು ಅನ್ನಿಸಿಕೊಳ್ಳಬೇಕು, ಹೇಳದಿದ್ದರೆ ಎಲ್ಲ ನನ್ನ ತಲೆ ಮೇಲೆ. ಮಂಡಿ ನೋವು ಬೇರೆ. ಜಗಳವಾಗದ ಹಾಗೆ ಈ ಮಾತು ತೆಗೆಯುವುದು ಹೇಗೆ?

ಉತ್ತರ: ನಿಮಗೆ ಮೈಸೂರಿನ ಒಂದು ಮನೆಯ ಕಥೆ ಹೇಳುತ್ತೇನೆ. ಆ ಮನೆಯ ಅತ್ತೆ, ಸೊಸೆ ಇಬ್ಬರೂ ಬೇರೆ ಬೇರೆಯಾಗಿ ನನ್ನ ಹತ್ತಿರ ಬಂದು ಮಾತಾಡಿದವರು. ಹೆಸರು ಬೇಡ, ಕಥೆ ಹೇಳಬಹುದು ಅಂದಿದ್ದಾರೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನ್ನ ಹತ್ತಿರ ಇಲ್ಲ.

ಅತ್ತೆಗೆ 63. ಸೊಸೆಗೆ 31, ಬ್ಯಾಂಕಿನಲ್ಲಿ ಕೆಲಸ. ಮಗನದು ಕಂಪನಿ ಕೆಲಸ. ಮಾವ ರಿಟೈರ್ ಆದವರು. ನಾಲ್ಕು ವರ್ಷದ ಮೊಮ್ಮಗಳು. ಮದುವೆಯಾದ ಹೊಸದರಲ್ಲೇ ಸೊಸೆ ತಾನಾಗಿ ಹೇಳಿದ್ದಳು: ‘ಭಾನುವಾರದ ತಿಂಡಿ ನಂದು ಅತ್ತೆ, ಅವತ್ತು ನೀವು ಅಡುಗೆಮನೆಗೆ ಬರಬೇಡಿ.’ ಎಲ್ಲರಿಗೂ ಖುಷಿ. ಭಾನುವಾರ ಅಂದರೆ ದೋಸೆ. ಎಂಟು ಗಂಟೆಗೆ ಸೊಸೆ ಕಾವಲಿ ಇಡುತ್ತಿದ್ದಳು, ಚಟ್ನಿ ರುಬ್ಬುತ್ತಿದ್ದಳು, ಎಲ್ಲರಿಗೂ ಬಿಸಿ ಬಿಸಿ ಹಾಕಿ ಕೊಡುತ್ತಿದ್ದಳು. ಅತ್ತೆ ಕೂತು ತಿನ್ನುತ್ತಿದ್ದರು. ನೋಡಿದವರಿಗೆ ಎಂಥ ಹೊಂದಾಣಿಕೆ ಅನ್ನಿಸುವ ಹಾಗಿತ್ತು.

ಈ ದೋಸೆಯ ಹಿಂದಿನ ದಿನ ಏನಾಗುತ್ತಿತ್ತು ನೋಡಿ. ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಅತ್ತೆ ನಾಲ್ಕು ಲೋಟ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ ನೆನೆಹಾಕುತ್ತಿದ್ದರು. ನಾಲ್ಕೈದು ಗಂಟೆ ನೆನೆಯಬೇಕು. ಸಂಜೆ ಆರಕ್ಕೆ ಗ್ರೈಂಡರ್. ಅದರ ಮುಂದೆ ಮುಕ್ಕಾಲು ಗಂಟೆ. ಆಮೇಲೆ ಕಲ್ಲು ಎತ್ತಿ ತೊಳೆಯುವುದು, ಮಂಡಿ ನೋವಿದ್ದವರಿಗೆ ಅದೇ ಕಷ್ಟ. ಹಿಟ್ಟು ಉಕ್ಕಿ ಚೆಲ್ಲದ ಹಾಗೆ ದೊಡ್ಡ ಪಾತ್ರೆ ಹುಡುಕಬೇಕು. ಅದಕ್ಕೂ ಮುಂಚೆ, ಗುರುವಾರವೋ ಶುಕ್ರವಾರವೋ, ಉದ್ದಿನಬೇಳೆ ಎಷ್ಟಿದೆ ಅಂತ ಡಬ್ಬಿ ನೋಡಬೇಕು. ಭಾನುವಾರದ ತಿಂಡಿಯ ಮುಕ್ಕಾಲು ಪಾಲು ಶನಿವಾರವೇ ಮುಗಿದಿರುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅತ್ತೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಹೋದ ವರ್ಷ ಡಿಸೆಂಬರಿನ ಒಂದು ಶನಿವಾರ ಅತ್ತೆ ನಂಜನಗೂಡಿಗೆ ನೆಂಟರ ಗೃಹಪ್ರವೇಶಕ್ಕೆ ಹೋದರು. ಬಂದಾಗ ಕತ್ತಲಾಗಿತ್ತು. ಸುಸ್ತಾಗಿ ಮಲಗಿಬಿಟ್ಟರು. ಭಾನುವಾರ ಬೆಳಿಗ್ಗೆ ಸೊಸೆ ಫ್ರಿಡ್ಜ್ ತೆಗೆದಳು, ಕಟ್ಟೆ ಮೇಲೆ ನೋಡಿದಳು, ಆಮೇಲೆ ಕೇಳಿದಳು: ‘ಹಿಟ್ಟು ಇಲ್ವಾ ಅತ್ತೆ?’

ಅಷ್ಟೇ. ದನಿಯಲ್ಲಿ ಏನೂ ಇರಲಿಲ್ಲ ಅಂತ ಸೊಸೆ ಹೇಳುತ್ತಾಳೆ. ನಾನು ನಂಬುತ್ತೇನೆ. ಆದರೆ ಅತ್ತೆಗೆ ಅದು ‘ನೀವು ಯಾಕೆ ಮಾಡಿಲ್ಲ’ ಅಂತಲೇ ಕೇಳಿಸಿತು. ‘ನಾನೇನು ಹಿಟ್ಟಿನ ಮೆಷಿನ್ನಾ?’ ಅಂದರು. ಅಡುಗೆಮನೆಯಲ್ಲಿ ಸದ್ದು ಜಾಸ್ತಿಯಾಗಿದ್ದು ಕೇಳಿ ಮಗ ಬಂದ. ‘ಅದಕ್ಯಾಕೆ ಇಷ್ಟೆಲ್ಲ, ಹೋಟ್ಲಿಂದ ತರ್ತೀನಿ ಬಿಡಿ’ ಅಂದ. ಇಬ್ಬರೂ ಸೇರಿ ಅವನ ಮೇಲೆ ರೇಗಿದರು. ಅವತ್ತು ಅವರಿಬ್ಬರೂ ಒಂದಾಗಿದ್ದು ಅದೊಂದೇ ಹೊತ್ತು. ಉಪ್ಪಿಟ್ಟು ಆಯಿತು. ಆಮೇಲೆ ಮೂರು ದಿನ ‘ಊಟ ಆಯ್ತಾ’, ‘ಹಾಲು ಬಂತಾ’ ಬಿಟ್ಟರೆ ಬೇರೆ ಮಾತಿಲ್ಲ.

ಇಲ್ಲಿ ಸ್ವಲ್ಪ ಕಥೆ ನಿಲ್ಲಿಸುತ್ತೇನೆ. ನಿಮ್ಮ ಮನೆಯ ತೊಡಕೂ ಇಲ್ಲೇ ಇದೆ ಅಂತ ನನ್ನ ಅನಿಸಿಕೆ. ಮನೆಗೆಲಸ ಅಂದರೆ ನಾವು ಕೈಯಲ್ಲಿ ಮಾಡುವುದನ್ನು ಮಾತ್ರ ಎಣಿಸುತ್ತೇವೆ. ಆಲಿಸನ್ ಡ್ಯಾಮಿಂಜರ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞೆ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮನೆ ನಡೆಸುವುದರಲ್ಲಿ ತಲೆಯ ಕೆಲಸವೇ ನಾಲ್ಕು ಥರ ಇದೆ ಅಂತ ತೋರಿಸಿದರು. ಏನು ಬೇಕಾಗುತ್ತದೆ ಅಂತ ಮುಂಚೆಯೇ ಊಹಿಸುವುದು, ಏನೇನು ದಾರಿ ಇದೆ ಅಂತ ನೋಡುವುದು, ತೀರ್ಮಾನ ಮಾಡುವುದು, ಆಮೇಲೆ ಅದು ಆಯಿತಾ ಅಂತ ಕಣ್ಣಿಡುವುದು. ಅವರು ನೋಡಿದ್ದು ಗಂಡ ಹೆಂಡತಿಯರನ್ನು. ತೀರ್ಮಾನ ಮಾಡುವಾಗ ಇಬ್ಬರೂ ಸೇರುತ್ತಾರೆ, ಆದರೆ ಮೊದಲನೆಯದು ಮತ್ತು ಕೊನೆಯದು ಹೆಚ್ಚಾಗಿ ಹೆಂಡತಿಯ ತಲೆಗೇ ಬೀಳುತ್ತದೆ ಅಂತ ಅವರಿಗೆ ಕಂಡಿತು. ನಮ್ಮ ಕೂಡು ಮನೆಗಳಲ್ಲಿ ಆ ಜಾಗದಲ್ಲಿ ಅತ್ತೆ ಇರುತ್ತಾರೆ. ಇಡ್ಲಿಯೋ ದೋಸೆಯೋ ಅಂತ ಸೊಸೆಯೂ ಹೇಳುತ್ತಾಳೆ. ಉದ್ದಿನಬೇಳೆ ಮುಗಿಯುತ್ತಾ ಬಂದಿದೆ ಅನ್ನುವುದು ಅತ್ತೆಗೆ ಮಾತ್ರ ಗೊತ್ತಿರುತ್ತದೆ.

‘ಏನು ಮಾಡ್ಲಿ ಹೇಳಿ’ ಅಂತ ನಿಮ್ಮ ಸೊಸೆ ಕೇಳಿದಾಗ ಅವಳು ಕೈ ಕೊಡುತ್ತಿದ್ದಾಳೆ. ನಿಮಗೆ ಸುಸ್ತಾಗುತ್ತಿರುವುದು ತಲೆಗೆ. ಅದಕ್ಕೇ ಅವಳು ಎಷ್ಟು ಮಾಡಿದರೂ ನಿಮಗೆ ಹಗುರಾಗುವುದಿಲ್ಲ. ಇಷ್ಟು ಮಾಡಿದರೂ ಅತ್ತೆಯ ಮುಖ ಅರಳಲಿಲ್ಲವಲ್ಲ ಅಂತ ಅವಳಿಗೂ ಬೇಜಾರು.

ಕಥೆಗೆ ಬರೋಣ. ಬುಧವಾರ ರಾತ್ರಿ. ಮಗು ಮಲಗಿತ್ತು. ಅವರೆಕಾಯಿ ಕಾಲ. ಮಧ್ಯಾಹ್ನ ನೆನೆಹಾಕಿದ್ದ ಅವರೆಕಾಳನ್ನು ಅತ್ತೆ ನೆಲದ ಮೇಲೆ ಕೂತು ಹಿತುಕುತ್ತಿದ್ದರು. ಸೊಸೆ ಬಂದು ಪಕ್ಕದಲ್ಲಿ ಕೂತು ತಾನೂ ಹಿತುಕಲು ಶುರುಮಾಡಿದಳು. ಎದುರೆದುರು ಕೂತು ‘ಮಾತಾಡಬೇಕು’ ಅಂದರೆ ಎದೆ ಢವಢವ ಅನ್ನುತ್ತದೆ. ಕೈಗೆ ಕೆಲಸವಿದ್ದು, ಕಣ್ಣು ಬೋಗುಣಿಯ ಮೇಲಿದ್ದರೆ ಕಷ್ಟದ ಮಾತು ಸುಲಭವಾಗಿ ಬರುತ್ತದೆ. ಇದನ್ನು ನಾನು ತುಂಬ ಮನೆಗಳಲ್ಲಿ ಕಂಡಿದ್ದೇನೆ. ಸೊಪ್ಪು ಸೋಸುವಾಗ, ಬಟ್ಟೆ ಮಡಚುವಾಗ ಆಗುವ ಮಾತು ಸೋಫಾದ ಮೇಲೆ ಆಗುವುದಿಲ್ಲ.

ಸೊಸೆ ಹೀಗೆ ಶುರುಮಾಡಿದಳು: ‘ಅತ್ತೆ, ಭಾನುವಾರ ನಾನು ಕೇಳಿದ್ದು ನಿಮಗೆ ಬೇಜಾರಾಯ್ತು ಅಂತ ಗೊತ್ತು. ಯಾಕೆ ಅಂತ ಮಾತ್ರ ನಂಗೆ ಸರಿಯಾಗಿ ಗೊತ್ತಾಗ್ಲಿಲ್ಲ.’

‘ಏನಿಲ್ಲ ಬಿಡಮ್ಮ.’

ಎಷ್ಟೋ ಮನೆಗಳಲ್ಲಿ ಮಾತು ಇಲ್ಲೇ ಸಾಯುತ್ತದೆ. ಕೇಳಿದವಳು ಕರ್ತವ್ಯ ಮುಗಿಯಿತು ಅಂತ ಎದ್ದು ಹೋಗುತ್ತಾಳೆ. ಈ ಸೊಸೆ ಏಳಲಿಲ್ಲ. ಮತ್ತೆ ಕೆದಕಲೂ ಇಲ್ಲ. ಸುಮ್ನೆ ಕಾಳು ಹಿತುಕುತ್ತಾ ಕೂತಳು. ಒಂದು ಬಟ್ಟಲು ಬೇಳೆ ಆಗುವ ಹೊತ್ತಿಗೆ ಅತ್ತೆಯೇ ಬಾಯಿಬಿಟ್ಟರು.

‘ನೀನು ಭಾನುವಾರ ಒಂದು ಗಂಟೆ ನಿಂತು ದೋಸೆ ಹುಯ್ತೀಯ. ಇಲ್ಲ ಅನ್ನಲ್ಲ. ಶನಿವಾರ ನಾನು ಮಧ್ಯಾಹ್ನದಿಂದ ಅದರ ಹಿಂದೇನೇ ಇರ್ತೀನಿ. ಊರಿಗೆ ಹೋಗಿದ್ರೂ ಅಕ್ಕಿ ನೆನೆಹಾಕಿಲ್ವಲ್ಲ ಅಂತ ತಲೇಲಿ. ಒಂದಿನ ತಪ್ಪಿದ್ರೆ ಕೇಳೋದು ನನ್ನನ್ನೇ. ಹಂಗಾದ್ರೆ ಭಾನುವಾರದ ತಿಂಡಿ ಯಾರದು?’

ಸೊಸೆ ಒಂದು ಕ್ಷಣ ಸುಮ್ಮನಾದಳು. ‘ಸಾರಿ’ ಅಂದು ಮುಗಿಸಬಹುದಿತ್ತು. ಮುಗಿಸಿದ್ದರೆ ಜನವರಿಯಲ್ಲಿ ಮತ್ತೆ ಅದೇ ಜಗಳ ಆಗುತ್ತಿತ್ತು. ಅವಳೂ ತನ್ನೊಳಗಿದ್ದದ್ದನ್ನು ಹೇಳಿದಳು.

‘ನಾನೂ ಒಂದ್ಸಲ ರುಬ್ಬಿದ್ದೆ ಅತ್ತೆ. ಮಗು ಹುಟ್ಟೋಕೆ ಮುಂಚೆ. ನಾನು ಅತ್ಲಾಗೆ ಹೋದ್ಮೇಲೆ ನೀವು ಅದನ್ನ ಮತ್ತೆ ಗ್ರೈಂಡರಿಗೆ ಹಾಕಿ ನುಣ್ಣಗೆ ಮಾಡಿದ್ರಿ. ನಂಗೆ ಶಬ್ದ ಕೇಳಿಸ್ತು. ಅವತ್ತಿಂದ ನಾನು ಗ್ರೈಂಡರ್ ಮುಟ್ಟಿಲ್ಲ. ನೀವು ಮಾಡಿದ್ರೇ ಸರಿ ಅನ್ಕೊಂಡೆ.’

ಅತ್ತೆಗೆ ಆ ದಿನ ನೆನಪೇ ಇರಲಿಲ್ಲ. ಹಿಟ್ಟು ತರಿತರಿಯಾಗಿತ್ತು, ಸರಿಮಾಡಿದ್ದರು, ಮರೆತಿದ್ದರು. ಸೊಸೆ ನಾಲ್ಕು ವರ್ಷ ಇಟ್ಟುಕೊಂಡಿದ್ದಳು. ಒಬ್ಬರು ಎಲ್ಲವನ್ನೂ ಹೊತ್ತುಕೊಳ್ಳುತ್ತಾರೆ, ಇನ್ನೊಬ್ಬರು ಹಿಂದೆ ಸರಿಯುತ್ತಾರೆ. ಮೊದಲಿನವರು ಸೊಸೆ ಬರುವುದಿಲ್ಲ ಅಂತ ಹೊರುತ್ತಾರೆ, ಎರಡನೆಯವರು ಅತ್ತೆ ಬಿಡುವುದಿಲ್ಲ ಅಂತ ಸರಿಯುತ್ತಾರೆ. ಇದನ್ನು ಯಾರು ಶುರುಮಾಡಿದ್ದು ಅಂತ ಹುಡುಕುತ್ತಾ ಹೋದರೆ ರಾತ್ರಿ ಕಳೆಯುತ್ತದೆಯೇ ಹೊರತು ಹಿಟ್ಟು ಆಗುವುದಿಲ್ಲ. ಅವರಿಬ್ಬರೂ ಹುಡುಕಲಿಲ್ಲ. ಅದು ಅವರ ಜಾಣತನ.

ಆಮೇಲೆ ಅತ್ತೆ ಒಂದು ಮಾತು ಹೇಳಿದರು. ನನ್ನ ಹತ್ತಿರ ಹೇಳುವಾಗಲೂ ಅವರಿಗೆ ಸ್ವಲ್ಪ ಸಂಕೋಚವಿತ್ತು. ‘ಎಲ್ಲಾ ನೀನೇ ಮಾಡ್ತಾ ಬಂದ್ರೆ ಈ ಮನೇಲಿ ನಾನು ಯಾಕೆ ಬೇಕು ಅನ್ಸುತ್ತೆ ಕಣೆ.’ ಅದಕ್ಕೆ ಸೊಸೆ: ‘ನಂಗೆ ಉಲ್ಟಾ ಅತ್ತೆ. ಇಷ್ಟು ವರ್ಷ ಆದ್ರೂ ಸಾಂಬಾರ್ ಪುಡಿ ಡಬ್ಬಿ ಜಾಗ ಬದಲಾಯಿಸ್ಬೇಕಾದ್ರೂ ನಿಮ್ಮನ್ನ ಕೇಳ್ಬೇಕೇನೋ ಅನ್ಸುತ್ತೆ.’

2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಅಂದರು. ಯಜಮಾನಿ ಅತ್ತೆಯಾ ಸೊಸೆಯಾ ಅಂತ ಎಲ್ಲ ಕಡೆ ಚರ್ಚೆಯೋ ಚರ್ಚೆ. ಕೊನೆಗೆ ರೇಷನ್ ಕಾರ್ಡ್ ನೋಡಿ ಅಂದರು. ಅಡುಗೆಮನೆಗೆ ಅಂಥ ಕಾರ್ಡ್ ಇಲ್ಲವಲ್ಲ, ಅಲ್ಲಿ ಬಾಯಲ್ಲೇ ಮಾತಾಡಿಕೊಳ್ಳಬೇಕು.

ಅವರು ಮಾತಾಡಿಕೊಂಡಿದ್ದು ಹೀಗೆ. ಕೆಲಸವನ್ನು ಅರ್ಧ ಅರ್ಧ ಮಾಡಲಿಲ್ಲ. ಒಂದೊಂದು ಕೆಲಸವನ್ನು ಬುಡದಿಂದ ತುದಿಯವರೆಗೆ ಒಬ್ಬರಿಗೆ ಕೊಟ್ಟರು. ಭಾನುವಾರದ ತಿಂಡಿ ಸೊಸೆಗೆ. ಅಂದರೆ ಉದ್ದಿನಬೇಳೆ ತರುವುದರಿಂದ ಗ್ರೈಂಡರ್ ತೊಳೆದು ಒರೆಸಿಡುವವರೆಗೆ. ದೋಸೆ ಬೇಡ, ಅವಲಕ್ಕಿ ಒಗ್ಗರಣೆ ಅಂತ ತೀರ್ಮಾನ ಮಾಡುವ ಹಕ್ಕೂ ಅವಳದೇ. ಕೆಲಸಕ್ಕೆ ಬರುವ ಅಕ್ಕನ ಸಂಬಳ, ರಜೆ, ಅವರು ಬಾರದ ದಿನ ಏನು ಮಾಡುವುದು ಅನ್ನುವುದೂ ಸೊಸೆಗೇ ಹೋಯಿತು. ವಾರದ ದಿನಗಳ ಅಡುಗೆ, ಮೊಸರಿಗೆ ಹೆಪ್ಪು, ಉಪ್ಪಿನಕಾಯಿ, ಸಾರಿನ ಪುಡಿ ಅತ್ತೆಯ ಹತ್ತಿರವೇ ಉಳಿದವು. ಅದು ಅವರಿಗೆ ಇಷ್ಟದ ಕೆಲಸ, ಯಾರಿಗೂ ಬಿಟ್ಟುಕೊಡಲು ಮನಸ್ಸಿರಲಿಲ್ಲ. ಅದನ್ನೂ ನೇರವಾಗಿಯೇ ಹೇಳಿದರು. ಮೊಮ್ಮಗಳು ಸ್ಕೂಲಿನಿಂದ ಬಂದ ಮೇಲೆ ಸಂಜೆ ಆರೂವರೆವರೆಗೆ ಅಜ್ಜಿಯ ಜೊತೆ. ಆದರೆ ಆರೂವರೆ ಅಂದರೆ ಆರೂವರೆ. ಲೇಟಾಗುವುದಾದರೆ ಮಧ್ಯಾಹ್ನವೇ ಫೋನ್.

ಇಷ್ಟಾದಾಗ ಸೊಸೆಗೆ ಹೊಳೆಯಿತು: ಹಂಚಿಕೊಳ್ಳುತ್ತಿರುವುದು ಇಬ್ಬರೇ, ಮನೆಯಲ್ಲಿ ದೊಡ್ಡವರು ನಾಲ್ಕು ಜನ. ನಮ್ಮ ದೇಶದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಮಾಡುತ್ತಾರೆ, ಗಂಡಸರು 88 ನಿಮಿಷ. ಅದೂ ಮಾಡುವ ಗಂಡಸರ ಲೆಕ್ಕ, ಏನೂ ಮಾಡದವರು ಅದರಲ್ಲಿ ಸೇರಿಲ್ಲ. ಅತ್ತೆ ಸೊಸೆ ಜಗಳ ಅಂತ ನಾವು ಕರೆಯುವುದರಲ್ಲಿ ಎಷ್ಟೋ ಪಾಲು, ಗಂಡಸರು ಬಿಟ್ಟ ಕೆಲಸವನ್ನು ಯಾರು ಮಾಡಬೇಕು ಅನ್ನುವ ಜಗಳ. ಮಾರನೇ ದಿನ ಮಗನಿಗೆ ಮಗುವಿನ ಸ್ನ್ಯಾಕ್ಸ್ ಡಬ್ಬಿ, ಗ್ಯಾಸ್ ಬುಕಿಂಗ್, ನೀರಿನ ಮೋಟರ್ ಹೋಯಿತು. ಮಾವನಿಗೆ ಹಾಲು, ತರಕಾರಿ. ಮಾವ ಗೊಣಗಿದರು. ಈಗ ದೇವರಾಜ ಮಾರ್ಕೆಟ್ಟಿನಲ್ಲಿ ಯಾರ ಹತ್ತಿರ ಬದನೆಕಾಯಿ ಚೆನ್ನಾಗಿದೆ ಅಂತ ಎಲ್ಲರಿಗೂ ಪಾಠ ಹೇಳುತ್ತಾರಂತೆ.

ಮೊದಲ ಭಾನುವಾರ ದೋಸೆ ಕೆಟ್ಟಿತು. ಚಳಿಗೆ ಹಿಟ್ಟು ಹುದುಗಿರಲಿಲ್ಲ. ಬೇಸಿಗೆಯಲ್ಲಿ ಎಂಟು ಗಂಟೆ ಸಾಕು. ಮೈಸೂರಿನ ಡಿಸೆಂಬರ್ ಚಳಿಯಲ್ಲಿ ಹನ್ನೆರಡು ಗಂಟೆಯಾದರೂ ಕೆಲವು ಸಲ ಸಾಲುವುದಿಲ್ಲ. ಸೊಸೆ ಶನಿವಾರ ರಾತ್ರಿ ಒಂಬತ್ತಕ್ಕೆ ರುಬ್ಬಿ ಕಿಟಕಿ ಪಕ್ಕದ ಕಟ್ಟೆ ಮೇಲೆ ಇಟ್ಟಿದ್ದಳು. ಅತ್ತೆ ನೀರು ಕುಡಿಯಲು ಬಂದಾಗ ನೋಡಿದರು. ಪಾತ್ರೆಯನ್ನು ಒಳಗೆ ಬೆಚ್ಚಗಿನ ಜಾಗದಲ್ಲಿ ಇಡಲು ಕೈ ಹೋಯಿತಂತೆ. ಇಡಲಿಲ್ಲ. ಹೋಗಿ ಮಲಗಿದರು. ನಿದ್ದೆ ಮಾತ್ರ ಬರಲಿಲ್ಲವಂತೆ. ಬೆಳಿಗ್ಗೆ ದೋಸೆ ಬೆಳ್ಳಗೆ, ದಪ್ಪಗೆ, ಕಾವಲಿಗೆ ಅಂಟಿಕೊಂಡು ಬಂತು. ಎಲ್ಲರೂ ತಿಂದರು. ಅತ್ತೆ ಏನೂ ಹೇಳಲಿಲ್ಲ. ಮಂಗಳವಾರ ಸೊಸೆಯೇ ಕೇಳಿದಳು: ‘ಚಳೀಲಿ ಹಿಟ್ಟಿಗೆ ನೀವೇನು ಮಾಡ್ತೀರಿ ಅತ್ತೆ?’ ಆಗ ಹೇಳಿದರು. ಬೆಳಿಗ್ಗೆಯೇ ನೆನೆಹಾಕಿ ಮಧ್ಯಾಹ್ನ ಮೂರಕ್ಕೆ ರುಬ್ಬಬೇಕು, ಕೈಯಲ್ಲಿ ಚೆನ್ನಾಗಿ ಕಲಸಬೇಕು, ಪಾತ್ರೆಯನ್ನು ದಪ್ಪ ಟವೆಲ್ ಸುತ್ತಿ ಒಲೆ ಪಕ್ಕ ಇಡಬೇಕು. ಮುಂದಿನ ವಾರದ ದೋಸೆ ಚೆನ್ನಾಗಿತ್ತು.

ಆ ಶನಿವಾರ ರಾತ್ರಿ ಅತ್ತೆ ಪಾತ್ರೆ ಸರಿಸಿಬಿಟ್ಟಿದ್ದರೆ ದೋಸೆ ಸುಧಾರಿಸುತ್ತಿತ್ತೇನೋ. ಬುಧವಾರದ ಮಾತು ಮಾತ್ರ ಕೆಡುತ್ತಿತ್ತು. ಕೆಲಸ ಒಪ್ಪಿಸಿದ ಮೇಲೆ ಒಂದೆರಡು ಸಲ ಅದು ಕೆಡುತ್ತದೆ. ಕೆಟ್ಟಾಗ ಹಿಂದಿನಿಂದ ಬಂದು ಸರಿಮಾಡುವ ಕೈಯನ್ನು ಹಿಡಿದುಕೊಳ್ಳಬೇಕು. ನನ್ನ ಹತ್ತಿರ ಬರುವ ಹಿರಿಯ ಹೆಂಗಸರಿಗೆ ಇದೇ ಎಲ್ಲಕ್ಕಿಂತ ಕಷ್ಟ. ನಿಮಗೂ ಆಗುತ್ತದೆ. ಗ್ಯಾಸ್ ಆನ್ ಆಗಿಯೇ ಉಳಿದಿದೆ, ಮಗುವಿನ ಔಷಧಿ ತಪ್ಪಿದೆ ಅಂದರೆ ಆ ಮಾತು ಬೇರೆ. ಆಗ ಕಾಯುವುದು ಬೇಡ. ದೋಸೆ ಅಂಟಿದರೆ ಯಾರಿಗೂ ಏನೂ ಆಗುವುದಿಲ್ಲ.

ಆ ಮನೆಯಲ್ಲಿ ಎಲ್ಲವೂ ಬಗೆಹರಿದಿದೆ ಅಂತಲೂ ಇಲ್ಲ. ಮಾವನ ಕಡೆಯ ನೆಂಟರು ಫೋನ್ ಮಾಡದೆ ಬರುತ್ತಾರೆ. ಅವತ್ತು ಎಲ್ಲ ಹಂಚಿಕೆ ಮುರಿದುಬಿದ್ದು ಅತ್ತೆ ಒಬ್ಬರೇ ಒಲೆ ಮುಂದೆ ನಿಲ್ಲುತ್ತಾರೆ. ಗೌರಿ ಹಬ್ಬದ ಅಡುಗೆಯ ಬಗ್ಗೆ ಇನ್ನೂ ಮಾತೇ ಆಗಿಲ್ಲ.

ಈಗ ನಿಮ್ಮ ಮನೆಗೆ. ಎಲ್ಲ ಕೆಲಸದ ಪಟ್ಟಿ ಮಾಡಿಕೊಂಡು ಹೋಗಬೇಡಿ. ಪಟ್ಟಿ ಕಂಡರೆ ಸೊಸೆಗೆ ಅದು ದೂರಿನ ಹಾಗೆ ಕಾಣುತ್ತದೆ. ಒಂದೇ ಕೆಲಸ ಆರಿಸಿ. ನಿಮ್ಮ ಮಂಡಿಗೆ ಜಾಸ್ತಿ ತೊಂದರೆ ಕೊಡುವುದು ಯಾವುದು, ಅದರಿಂದಲೇ ಶುರುಮಾಡಿ. ಆ ಕೆಲಸ ನಿಜವಾಗಿ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಅಂತ ಮೊದಲು ನೀವೇ ಒಂದು ವಾರ ಗಮನಿಸಿ. ನಿಮಗೇ ಆಶ್ಚರ್ಯವಾಗುತ್ತದೆ. ಅಷ್ಟನ್ನೂ ಸೊಸೆ ಕಂಡಿಲ್ಲ ಅನ್ನುವುದು ಆಗ ಗೊತ್ತಾಗುತ್ತದೆ, ಸಿಟ್ಟೂ ಸ್ವಲ್ಪ ಇಳಿಯುತ್ತದೆ.

ಮಾತಿಗೆ ಜಗಳದ ದಿನ ಬೇಡ, ಅವಳು ಆಫೀಸಿನಿಂದ ಬಂದ ಮೊದಲ ಅರ್ಧ ಗಂಟೆಯೂ ಬೇಡ. ಮಗನ ಮೂಲಕ ಹೇಳಿಸಲೇಬೇಡಿ. ಅವನು ನಿಮ್ಮ ಮಾತನ್ನು ಅರ್ಧ ಮಾಡಿ ಅಲ್ಲಿ ಹೇಳುತ್ತಾನೆ, ಅವಳ ಮಾತನ್ನು ಅರ್ಧ ಮಾಡಿ ಇಲ್ಲಿ ತರುತ್ತಾನೆ, ಇಬ್ಬರ ಸಿಟ್ಟು ಮಾತ್ರ ಪೂರ್ತಿ ತಲುಪುತ್ತದೆ. ಇಬ್ಬರೇ ಇದ್ದಾಗ, ಕೈಗೆ ಏನಾದರೂ ಕೆಲಸ ಇಟ್ಟುಕೊಂಡು, ನಿಮ್ಮ ಮೈಯ ಸ್ಥಿತಿಯಿಂದ ಶುರುಮಾಡಿ. ‘ನೀನು ಯಾವತ್ತೂ’ ಅಂತ ಶುರುವಾದ ಮಾತಿಗೆ ಜಗಳದ ಉತ್ತರವೇ ಬರುವುದು. ನಾನಾದರೆ ಹೀಗೆ ಹೇಳುತ್ತೇನೆ: ‘ನೋಡಮ್ಮ, ರಾತ್ರಿ ಪಾತ್ರೆ, ಅಡುಗೆಮನೆ ಕ್ಲೀನ್ ಮಾಡೋ ಹೊತ್ತಿಗೆ ನಂಗೆ ನಿಲ್ಲೋಕಾಗಲ್ಲ. ನೀನು ಕೇಳಿದಾಗ ಮಾಡು ಅಂತ ಹೇಳೋದೂ ನಂಗೆ ಆಗ್ತಿಲ್ಲ. ರಾತ್ರಿ ಅಡುಗೆಮನೆ ಪೂರ್ತಿ ನಿಂದೇ ಅನ್ಕೋ. ನೀನು ಹೇಗೆ ಮಾಡಿದ್ರೂ ಸರಿ, ನಿನ್ನ ಗಂಡನ ಕೈಲಿ ಮಾಡಿಸಿದ್ರೂ ಸರಿ. ನಾನು ಬಂದು ನೋಡಲ್ಲ.’ ಕೊನೆಯ ವಾಕ್ಯವನ್ನು ನಡೆಸಿಕೊಡುವುದಾದರೆ ಮಾತ್ರ ಹೇಳಿ.

ಆಮೇಲೆ ಕೇಳಿ: ‘ನನ್ನಿಂದ ನಿಂಗೆ ಏನು ಕಷ್ಟ ಆಗ್ತಿದೆ?’ ಕೇಳಿದ ಮೇಲೆ ಬರುವ ಉತ್ತರ ಚುಚ್ಚಬಹುದು. ಗ್ರೈಂಡರ್ ಶಬ್ದದಂಥ ಯಾವುದೋ ಹಳೆಯ ಸಂಗತಿ ಹೊರಬರಬಹುದು. ಅವತ್ತೇ ಸಮಜಾಯಿಷಿ ಕೊಡಬೇಡಿ. ‘ಹೌದಾ, ನಂಗೆ ಗೊತ್ತಿರ್ಲಿಲ್ಲ’ ಅಂದರೆ ಸಾಕು.

ಇದೆಲ್ಲ ನಡೆಯುವುದು ಇಬ್ಬರಿಗೂ ಒಬ್ಬರ ಮೇಲೆ ಒಬ್ಬರಿಗೆ ಭಯವಿಲ್ಲದ ಮನೆಯಲ್ಲಿ. ಬೈಗುಳ, ಹೊಡೆತ, ಊಟ ಕೊಡದಿರುವುದು, ದುಡ್ಡಿಗೆ ಕಾಟ ಇದ್ದ ಕಡೆ ಅವರೆಕಾಳು ಹಿತುಕುತ್ತಾ ಮಾತಾಡಿ ಅಂತ ನಾನು ಹೇಳುವುದಿಲ್ಲ. ಅಂಥ ಕಡೆ ಮಹಿಳಾ ಸಹಾಯವಾಣಿ 181, ಹಿರಿಯರಿಗಾದರೆ 14567. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ.

ಒಂದು ತಿಂಗಳಾದ ಮೇಲೆ ಒಂದು ವಿಷಯ ಗಮನಿಸಿ. ‘ಏನು ಮಾಡ್ಲಿ ಹೇಳಿ’ ಅನ್ನುವ ಮಾತು ಆ ಒಂದು ಕೆಲಸದಲ್ಲಾದರೂ ನಿಂತಿದೆಯಾ? ‘ಪಾತ್ರೆ ತೊಳೆಯೋ ಸೋಪು ಮುಗೀತಾ ಬಂದಿತ್ತು ಅತ್ತೆ, ತಂದಿಟ್ಟೆ’ ಅಂತ ಅವಳಾಗಿ ಹೇಳಿದರೆ ಆ ಕೆಲಸ ನಿಮ್ಮ ತಲೆಯಿಂದ ಇಳಿದಿದೆ ಅಂತ ಅರ್ಥ. ಆಗ ಎರಡನೇ ಕೆಲಸದ ಮಾತು ತೆಗೆಯಿರಿ. ಇನ್ನೂ ಕೇಳುತ್ತಲೇ ಇದ್ದರೆ, ರಾತ್ರಿ ಅವಳು ಮಲಗಿದ ಮೇಲೆ ನೀವು ಹೋಗಿ ಸಿಂಕ್ ನೋಡುತ್ತಿದ್ದೀರಾ ಅಂತ ಮೊದಲು ವಿಚಾರಿಸಿಕೊಳ್ಳಿ.